520 ಇರಬೇಕಾ, 525 ಇರಬೇಕಾ: ಸವೆದ ಸ್ಟಿಕ್ಕರ್‌ನಿಂದ ಲಿಪ್‌ಸ್ಟಿಕ್ ಶೇಡ್ ಹುಡುಕಿದ ಒಂದು ಪ್ರಕರಣ

ವಾಟ್ಸಾಪ್‌ನಲ್ಲಿ ಬಂದ ಫೋಟೊದಲ್ಲಿ ಇದ್ದದ್ದು ಒಂದು ಲಿಪ್‌ಸ್ಟಿಕ್‌ನ ಬುಡ. ಕಪ್ಪು ಡಬ್ಬಿ, ನಡುವೆ ಚಿನ್ನದ ಬಣ್ಣದ ಪಟ್ಟಿ. ಬುಡಕ್ಕೆ ಅಂಟಿಸಿದ ಗುಂಡು ಸ್ಟಿಕ್ಕರ್‌ನ ಮೇಲಿನ ಎಡಭಾಗ ಸವೆದು ಬಿಳಿಚಿಕೊಂಡಿತ್ತು. ಬಲಗಡೆ ಕೆಳಗೆ ಅಂಚು ಕಿತ್ತುಬಂದಿತ್ತು. ಟ್ಯೂಬ್‌ಲೈಟ್ ಬೆಳಕು ಅಡ್ಡಕ್ಕೆ ಬಿದ್ದು ಇನ್ನಷ್ಟು ಅಕ್ಷರ ನುಂಗಿತ್ತು. ಓದಲು ಸಿಕ್ಕಿದ್ದು ಇಷ್ಟು: ಮೇಲಿನ ಸಾಲಿನಲ್ಲಿ `ITH`, ಅದರ ಕೆಳಗೆ `EVERYTH`, ಅದಕ್ಕೂ ಕೆಳಗೆ `52`, ಮತ್ತೆ ಮೂರನೇ ಅಂಕಿಯ ಕೆಳಭಾಗ ಮಾತ್ರ. ಜೊತೆಗೆ ಒಂದು ಮೆಸೇಜು. "ಅಕ್ಕಾ, ಇದು ನಮ್ಮಮ್ಮಂದು. ಅಣ್ಣನ ಮದುವೆಗೆ ಇದೇ ಬೇಕಂತೆ. ಸಿಗುತ್ತಾ?"

ಕಳಿಸಿದ ಹುಡುಗಿ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಅವರಮ್ಮ ಸಾಗರದಲ್ಲಿ. ನಮ್ಮ ಅಂಗಡಿ ಶಿವಮೊಗ್ಗದಲ್ಲಿ. ಅಂದರೆ ಲಿಪ್‌ಸ್ಟಿಕ್ ಒಂದು ಊರಲ್ಲಿ, ಕೇಳುವವರು ಇನ್ನೊಂದು ಊರಲ್ಲಿ, ಹುಡುಕಬೇಕಾದವಳು ನಾನು ಮತ್ತೊಂದು ಊರಲ್ಲಿ. ಇಂಥ ಫೋಟೊಗಳು ಕಾಸ್ಮೆಟಿಕ್ಸ್ ಅಂಗಡಿಗಳಿಗೆ ಜಾಸ್ತಿಯೇ ಬರುತ್ತವೆ. ಈ ಪ್ರಕರಣವನ್ನು ಪೂರ್ತಿ ಬರೆಯಲು ಕಾರಣ ಇದೆ. ಇಲ್ಲಿ ಹೆಸರು ಬೇಗ ಸಿಕ್ಕಿತು, ಆದರೆ ಹೆಸರು ಸಿಕ್ಕಿದ ಮೇಲೂ ಶೇಡ್ ಯಾವುದು ಅಂತ ತೀರ್ಮಾನ ಆಗಲಿಲ್ಲ. ಸುಮಾರು ಜನ ಹೆಸರು ಸಿಕ್ಕಿದ ಕೂಡಲೇ ಆರ್ಡರ್ ಹಾಕಿಬಿಡುತ್ತಾರೆ. ತಪ್ಪು ಕಡ್ಡಿ ಮನೆಗೆ ಬರುವುದು ಅಲ್ಲೇ.

ಮೊದಲು ಕೇಳಿದ್ದು ಇನ್ನೊಂದು ಫೋಟೊ. ಅದನ್ನು ಹೇಗೆ ತೆಗೆಯಬೇಕು ಅಂತ ಬಿಡಿಸಿ ಹೇಳದಿದ್ದರೆ ಬರುವುದು ಮೊದಲಿನಂಥದ್ದೇ. ಫ್ಲ್ಯಾಶ್ ಹಾಕಬಾರದು. ಸ್ಟಿಕ್ಕರ್ ನುಣುಪಾಗಿರುತ್ತದೆ, ಫ್ಲ್ಯಾಶ್ ಬೆಳಕು ನೇರವಾಗಿ ಹೋಗಿ ನೇರವಾಗಿ ವಾಪಸ್ ಬಂದು ನಡುವೆ ಬಿಳಿ ಕಲೆ ಮಾಡುತ್ತದೆ. ಹಗಲಲ್ಲಿ ಕಿಟಕಿ ಹತ್ತಿರ, ಲಿಪ್‌ಸ್ಟಿಕ್ಕನ್ನು ಮೇಜಿನ ಮೇಲೆ ತಲೆಕೆಳಗಾಗಿ ನಿಲ್ಲಿಸಬೇಕು. ಬೆಳಕು ಪಕ್ಕದಿಂದ ಬರಬೇಕು. ಮೊಬೈಲನ್ನು ತೀರಾ ಹತ್ತಿರ ಒಯ್ದರೆ ಫೋಕಸ್ ಕೂರುವುದಿಲ್ಲ. ಒಂದು ಗೇಣು ದೂರ ಹಿಡಿದು ಎರಡು ಪಟ್ಟು ಜೂಮ್ ಮಾಡುವುದು ಒಳ್ಳೆಯದು. ಆಮೇಲೆ ಡಬ್ಬಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ನಾಲ್ಕೈದು ಫೋಟೊ ತೆಗೆಯಬೇಕು. ಒಂದರಲ್ಲಿ ಕಾಣದ ಅಕ್ಷರ ಇನ್ನೊಂದು ಕೋನದಲ್ಲಿ ಕಾಣುತ್ತದೆ. ಮಸಿ ಹೋದ ಕಡೆಯೂ ಒಮ್ಮೊಮ್ಮೆ ಸಣ್ಣ ಅಚ್ಚು ಉಳಿದಿರುತ್ತದೆ, ಓರೆ ಬೆಳಕಿಗೆ ಅದು ಎದ್ದು ಕಾಣುತ್ತದೆ.

ಇನ್ನೊಂದು ಮುಖ್ಯ ಮಾತು. ಕಳಿಸುವಾಗ ಫೋಟೊ ಆಗಿ ಕಳಿಸಬಾರದು, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಸುಮ್ನೆ ಫೋಟೊ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಮುಖ ನೋಡಲು ಅಷ್ಟು ಸಾಕು. ಒಂದೆರಡು ಮಿಲಿಮೀಟರ್ ಎತ್ತರದ ಅಕ್ಷರ ಓದಲು ಸಾಲುವುದಿಲ್ಲ.

ಒರೆಸುವ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. "ಸ್ಯಾನಿಟೈಸರ್ ಹಾಕಿ ಒರೆಸಲಾ?" ಅಂತ ಹುಡುಗಿ ಕೇಳಿದಳು. ಬೇಡವೇ ಬೇಡ ಅಂದೆ. ಸ್ಯಾನಿಟೈಸರ್, ಸ್ಪಿರಿಟ್, ನೈಲ್‌ಪಾಲಿಶ್ ರಿಮೂವರ್ ಇವೆಲ್ಲ ಕೊಳೆಯ ಜೊತೆ ಮಸಿಯನ್ನೂ ಎತ್ತಿಕೊಂಡು ಹೋಗುತ್ತವೆ. ಒಣ ಹತ್ತಿಯಲ್ಲಿ ಮೆಲ್ಲಗೆ ಒತ್ತಿ ತೆಗೆಯಬೇಕು, ತಿಕ್ಕಬಾರದು. ಅದರಲ್ಲಿ ಹೋಗದ ಜಿಡ್ಡು ಇದ್ದರೆ ಹಾಗೇ ಇರಲಿ. ಜಿಡ್ಡಿನ ಕೆಳಗೆ ಅಕ್ಷರ ಇರುತ್ತದೆ. ಸ್ಪಿರಿಟ್ ಹಾಕಿದ ಮೇಲೆ ಏನೂ ಇರುವುದಿಲ್ಲ.

ಎರಡನೇ ಸಲ ಸಾಗರದಿಂದ ಬಂದ ಫೋಟೊಗಳು ಎಷ್ಟೋ ವಾಸಿ. ಅದರಲ್ಲಿ ಒಂದನ್ನು ಮೊಬೈಲ್‌ನಲ್ಲೇ ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ ನೋಡಿದೆ. `ITH` ಎಡಕ್ಕೆ ಒಂದು ಓರೆ ಗೆರೆ ಕಂಡಿತು, ಅದು `W`ದ ಕೊನೆಯ ಕಾಲು. ಅಲ್ಲಿಗೆ `WITH`. ಕೆಳಗಿನ ಸಾಲು `EVERYTHING` ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಈಗ `WITH` ಎಡಕ್ಕೆ ಏನಿತ್ತು?

ಗುಂಡು ಸ್ಟಿಕ್ಕರ್‌ನಲ್ಲಿ ಇದಕ್ಕೆ ಒಂದು ಸುಲಭ ದಾರಿ ಇದೆ. ಸಾಮಾನ್ಯವಾಗಿ ಅದರ ಮೇಲಿನ ಸಾಲುಗಳನ್ನು ಮಧ್ಯಕ್ಕೆ ಸರಿಯಾಗಿ ಕೂರಿಸಿ ಅಚ್ಚು ಹಾಕಿರುತ್ತಾರೆ. ಹಾಗಾಗಿ ಸ್ಟಿಕ್ಕರ್‌ನ ನಡುಗೆರೆ ಗುರುತು ಮಾಡಿಕೊಂಡರೆ, ಬಲಗಡೆ ಎಷ್ಟು ಅಕ್ಷರ ಉಳಿದಿದೆಯೋ ಎಡಗಡೆಯೂ ಹೆಚ್ಚುಕಡಿಮೆ ಅಷ್ಟೇ ಇದ್ದಿರಬೇಕು. ಇಲ್ಲಿ ನಡುಗೆರೆಯ ಬಲಕ್ಕೆ `WITH`, ನಾಲ್ಕು ಅಕ್ಷರ. ಎಡಕ್ಕೂ ನಾಲ್ಕರ ಆಸುಪಾಸು. ಆ ಕಪ್ಪು-ಚಿನ್ನದ ಡಬ್ಬಿ ರೆವ್ಲಾನ್ ಕಂಪನಿಯ ಸೂಪರ್ ಲಸ್ಟ್ರಸ್ ಸಾಲಿನದು ಅಂತ ನೋಡಿದ ಕೂಡಲೇ ಗೊತ್ತಾಗಿತ್ತು. ಆ ಸಾಲಿನಲ್ಲಿ ಹೀಗೆ ಮುಗಿಯುವ ಹೆಸರು, ಮುಂದೆ ನಾಲ್ಕಕ್ಷರದ ಪದ ಇರುವುದು, `Wine With Everything`. ಹೆಸರು ನೋಡಿ ಊಹಿಸಿದ್ದನ್ನು ಅಳತೆಯೂ ಒಪ್ಪಿತು. ಎರಡೂ ಕೂಡಿ ಬಂದಾಗ ಮಾತ್ರ ಹೆಸರನ್ನು ನಂಬಬೇಕು. ಹೆಸರೊಂದೇ ಸಿಕ್ಕಿದ್ದು ಸಾಲದು. ಹಳೆಯ ಕಂಪನಿಗಳಲ್ಲಿ ಒಂದೇ ಹೆಸರು ಲಿಪ್‌ಸ್ಟಿಕ್‌ಗೂ ನೈಲ್‌ಪಾಲಿಶ್‌ಗೂ ಇರುವುದುಂಟು. ರೆವ್ಲಾನ್ 1932ರಲ್ಲಿ ಶುರುವಾದದ್ದೇ ನೈಲ್‌ಪಾಲಿಶ್ ಕಂಪನಿಯಾಗಿ. ಲಿಪ್‌ಸ್ಟಿಕ್ ಆಮೇಲೆ ಬಂತು, ಉಗುರಿಗೂ ತುಟಿಗೂ ಒಂದೇ ಬಣ್ಣ ಅನ್ನುವ ಜಾಹೀರಾತಿನ ಜೊತೆ.

ಅಲ್ಲಿಗೆ ಕೆಲಸ ಮುಗಿಯಿತು ಅನ್ನಿಸಬಹುದು. ಆದರೆ ಆ ಮೂರನೇ ಅಂಕಿ ಇನ್ನೂ ಉಳಿದಿತ್ತು.

ವೈನ್ ವಿತ್ ಎವ್ರಿಥಿಂಗ್ ಅನ್ನುವ ಹೆಸರಲ್ಲಿ ಸೂಪರ್ ಲಸ್ಟ್ರಸ್ ಸಾಲಿನಲ್ಲಿ ಬಂದಿರುವುದು ಒಂದಲ್ಲ, ಎರಡು. 525 ಕ್ರೀಮ್. 520 ಪರ್ಲ್. ಹೆಸರು ಅಕ್ಷರಕ್ಕೆ ಅಕ್ಷರ ಒಂದೇ, ಅಂಕಿ ಬೇರೆ, ಫಿನಿಶ್ ಬೇರೆ. ಕ್ರೀಮ್ ಅಂದರೆ ಮಿಂಚಿಲ್ಲದ ಒತ್ತಾದ ಬಣ್ಣ, ನೇರಳೆ ಕಡೆಗೆ ವಾಲಿದ ವೈನ್ ಕೆಂಪು. ಪರ್ಲ್‌ನಲ್ಲಿ ಅದೇ ಕಡೆಯ ಬಣ್ಣದ ಜೊತೆ ಸಣ್ಣ ಮಿಂಚಿನ ಪುಡಿ ಸೇರಿರುತ್ತದೆ. ಆ ಪುಡಿ ಹೆಚ್ಚಾಗಿ ಅಭ್ರಕ. ಅದರ ತೆಳ್ಳಗಿನ ಹಾಳೆಯಂಥ ಚೂರುಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್ ಲೇಪ ಇರುತ್ತದೆ. ಬೆಳಕು ಆ ಚೂರುಗಳಿಂದ ವಾಪಸ್ ಬಂದಾಗ ತುಟಿ ಒಂದು ಕೋನದಲ್ಲಿ ತಿಳಿಯಾಗಿ, ಇನ್ನೊಂದು ಕೋನದಲ್ಲಿ ಗಾಢವಾಗಿ ಕಾಣುತ್ತದೆ. ತುಟಿಯ ಮೇಲೆ ಇವೆರಡು ಬೇರೆ ಬೇರೆ ಲಿಪ್‌ಸ್ಟಿಕ್ಕೇ. ವರ್ಷಗಟ್ಟಲೆ ಪರ್ಲ್ ಹಚ್ಚಿದವರಿಗೆ ಕ್ರೀಮ್ ಕೊಟ್ಟರೆ "ಇದಲ್ಲ, ಇದು ಕಪ್ಪು" ಅನ್ನುತ್ತಾರೆ. ಹೆಸರು ತೋರಿಸಿದರೆ ಏನು ಪ್ರಯೋಜನ?

ಸರಿ, ಅಂಕಿಯನ್ನೇ ಮತ್ತೆ ದೊಡ್ಡದು ಮಾಡಿ ನೋಡಿದೆ. ಉಳಿದಿದ್ದು ಕೆಳಗಿನ ಬಾಗು ಮಾತ್ರ. 0ಗೂ ಕೆಳಗೆ ಬಾಗು ಇದೆ, 5ಕ್ಕೂ ಇದೆ. ವ್ಯತ್ಯಾಸ ಇರುವುದು ಎಡಗಡೆ. 0ಯ ಬಾಗು ಎಡಕ್ಕೆ ಮೇಲೇರಿ ಮುಚ್ಚಿಕೊಳ್ಳುತ್ತದೆ. 5ರ ಬಾಗು ಎಡಕ್ಕೆ ತೆರೆದಿರುತ್ತದೆ, ತುದಿ ಅಲ್ಲೇ ನಿಲ್ಲುತ್ತದೆ. ಫೋಟೊದಲ್ಲಿ ಎಡಗಡೆ ಒಂದು ಮಸುಕು ಚುಕ್ಕೆ ಇತ್ತು. ಅದು 0ಯ ಎಡಗೋಡೆಯ ಚೂರೂ ಆಗಬಹುದು, 5ರ ಬಾಲದ ತುದಿಯೂ ಆಗಬಹುದು, ಬರೀ ಕೊಳೆಯೂ ಆಗಬಹುದು. ಎಷ್ಟು ದೊಡ್ಡದು ಮಾಡಿದರೂ ಅಲ್ಲಿ ಇಲ್ಲದ್ದು ಬರುವುದಿಲ್ಲ. ಒಂದು ಹಂತ ದಾಟಿದ ಮೇಲೆ ನಾವು ನೋಡುತ್ತಿರುವುದು ನಮ್ಮ ಆಸೆಯನ್ನೇ. ನಮ್ಮಲ್ಲಿ 525 ಇತ್ತು, ಹಾಗಾಗಿ ಅದು 5 ಅಂತ ಕಾಣಲು ಶುರುವಾಗುತ್ತದೆ. ಅಲ್ಲಿ ನಿಲ್ಲಿಸುವುದು ಒಳ್ಳೆಯದು.

ಬುಡದಲ್ಲಿ ಬೇರೆ ಅಂಕಿಗಳೂ ಇದ್ದವು. ಬ್ಯಾಚ್ ನಂಬರ್ ಕಾಲು ಭಾಗ, ಮತ್ತೆ 4.2 ಅಂತ. ಇವುಗಳನ್ನು ಶೇಡ್ ನಂಬರ್ ಅಂದುಕೊಂಡು ಹುಡುಕುವವರು ಬಹಳ. 4.2 ಅಂದರೆ ಗ್ರಾಂ ಲೆಕ್ಕದ ತೂಕ. ಬ್ಯಾಚ್ ನಂಬರ್ ಯಾವಾಗ ಮಾಡಿದ್ದು, ಯಾವ ತಂಡದ ಮಾಲು ಅಂತ ಹೇಳುತ್ತದೆ, ಬಣ್ಣ ಹೇಳುವುದಿಲ್ಲ. ಹೊರಗಿಂದ ಬಂದ ಮಾಲಿನ ಪ್ಯಾಕ್ ಮೇಲೆ ಆಮದು ಮಾಡಿದವರ ಬಿಳಿ ಚೀಟಿ ಇರುತ್ತದೆ, ಅದರಲ್ಲಿ ಎಂಆರ್‌ಪಿ, ನೋಂದಣಿ ನಂಬರ್ ಎಲ್ಲ ಇರುತ್ತವೆ. ಅದನ್ನೂ ಶೇಡ್ ಅಂತ ಕಳಿಸುತ್ತಾರೆ. ನಿಜವಾಗಿ ಕೆಲಸಕ್ಕೆ ಬರುವುದು ಬಾರ್‌ಕೋಡ್. ಪ್ರತಿ ಶೇಡ್‌ಗೂ ಬಾರ್‌ಕೋಡ್ ನಂಬರ್ ಬೇರೆ. ಆದರೆ ಈ ಅಮ್ಮ ಪ್ಯಾಕಿಂಗ್ ಯಾವತ್ತೋ ಎಸೆದಿದ್ದರು.

"ಪದಾರ್ಥಗಳ ಪಟ್ಟಿ ನೋಡಿದರೆ ಗೊತ್ತಾಗಲ್ವಾ ಅಕ್ಕ? ಅಭ್ರಕ ಇದ್ದರೆ ಪರ್ಲ್ ತಾನೇ?" ಅಂತ ಹುಡುಗಿ ಕೇಳಿದಳು. ಜಾಣ ಪ್ರಶ್ನೆ. ಆದರೆ ಅದರಿಂದ ತೀರ್ಮಾನ ಆಗುವುದಿಲ್ಲ. ಲಿಪ್‌ಸ್ಟಿಕ್ ಕಂಪನಿಗಳು ಎಷ್ಟೋ ಸಲ ಒಂದು ಸಾಲಿನ ಎಲ್ಲ ಶೇಡ್‌ಗಳಿಗೂ ಒಂದೇ ಪಟ್ಟಿ ಅಚ್ಚು ಹಾಕಿಸುತ್ತವೆ. ಪಟ್ಟಿಯ ಕೊನೆಯಲ್ಲಿ `May contain` ಅಂತಲೋ `+/-` ಅಂತಲೋ ಬರೆದು, ಆ ಸಾಲಿನಲ್ಲಿ ಎಲ್ಲೆಲ್ಲಿ ಏನೇನು ಬಣ್ಣ ಬಳಸಿದ್ದಾರೋ ಎಲ್ಲವನ್ನೂ ಸೇರಿಸಿರುತ್ತಾರೆ. ಅಭ್ರಕದ ನಂಬರ್ `CI 77019` ಅಲ್ಲಿ ಕಂಡರೆ, ನಿಮ್ಮ ಕೈಯಲ್ಲಿರುವ ಕಡ್ಡಿಯಲ್ಲಿ ಅದು ಇದ್ದೀತು, ಇಲ್ಲದೆಯೂ ಇದ್ದೀತು ಅಂತ ಮಾತ್ರ ಅರ್ಥ.

ಹಾಗಾದರೆ ಕಡ್ಡಿಯನ್ನೇ ಕೇಳಬೇಕು. ಡಬ್ಬಿಯೊಳಗೆ ಇನ್ನೂ ಅರ್ಧ ಇಂಚಿನಷ್ಟು ಉಳಿದಿತ್ತು. ಅಮ್ಮನಿಗೆ ಫೋನ್ ಹಚ್ಚಿ, ಏನು ಮಾಡಬೇಕು ಅಂತ ಹೇಳಿದೆ. ಮೊದಲು ಟಿಶ್ಯೂ ಅಥವಾ ತೆಳು ಬಟ್ಟೆಯಲ್ಲಿ ಕಡ್ಡಿಯ ಮೇಲ್ಪದರ ಒರೆಸಿ ತೆಗೆಯಬೇಕು. ಹಳೆಯ ಕಡ್ಡಿಯ ಮೇಲೆ ಎಣ್ಣೆ ಬೆವತು, ಧೂಳು ಹಿಡಿದು, ಬಣ್ಣ ಮಂಕಾಗಿರುತ್ತದೆ. ಆಮೇಲೆ ಬೆರಳಲ್ಲಿ ಸ್ವಲ್ಪ ತೆಗೆದು ಬಿಳಿ ಹಾಳೆಯ ಮೇಲೆ ತೆಳ್ಳಗೆ ಎಳೆಯಬೇಕು. ದಪ್ಪಗೆ ಬಳಿದರೆ ಪರ್ಲ್‌ನ ಮಿಂಚು ಬಣ್ಣದಲ್ಲಿ ಮುಳುಗಿಹೋಗುತ್ತದೆ. ತೆಳ್ಳಗೆ ಎಳೆದಾಗ ಒಂದೊಂದು ಚೂರೂ ಬಿಡಿಬಿಡಿಯಾಗಿ ಹೊಳೆಯುತ್ತದೆ. ಆ ಹಾಳೆಯನ್ನು ಬಿಸಿಲಿಗೆ ಹಿಡಿದು ಅಲ್ಲಾಡಿಸಬೇಕು.

ನೋಡಬೇಕಾದದ್ದು ಹೊಳಪು ಇದೆಯಾ ಅಂತಲ್ಲ. ಹೊಳಪು ಕ್ರೀಮ್‌ನಲ್ಲೂ ಇದೆ, ಅದು ಎಣ್ಣೆ ಮೇಣದ ಹೊಳಪು. ಅದು ಒಂದೇ ಜಿಡ್ಡಿನ ಪಟ್ಟಿಯಾಗಿ ಕಾಣುತ್ತದೆ, ಹಾಳೆ ಅಲ್ಲಾಡಿಸಿದರೆ ಪಟ್ಟಿಯೇ ಸರಿಯುತ್ತದೆ. ಪರ್ಲ್‌ನಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣುತ್ತವೆ, ಹಾಳೆ ಅಲ್ಲಾಡಿದ ಹಾಗೆ ಇಲ್ಲಿ ಆರಿ ಅಲ್ಲಿ ಹತ್ತುತ್ತವೆ. ಇದು ಫೋಟೊದಲ್ಲಿ ಗೊತ್ತಾಗುವುದು ಕಷ್ಟ. ಅದಕ್ಕೇ ವೀಡಿಯೊ ಕೇಳಿದೆ. ಅಮ್ಮ ಅಂಗಳದಲ್ಲಿ ನಿಂತು ಹಾಳೆ ತಿರುಗಿಸುತ್ತ ಇದ್ದರು, ಪಕ್ಕದ ಮನೆಯ ಹುಡುಗ ವೀಡಿಯೊ ಮಾಡಿದ್ದ. ಚುಕ್ಕೆಗಳು ಸ್ಪಷ್ಟವಾಗಿ ಹತ್ತಿ ಆರುತ್ತಿದ್ದವು. ಪರ್ಲ್. ಅಂದರೆ 520.

ಸ್ಟಿಕ್ಕರ್ ಹೇಳಲಾಗದ ಅಂಕಿಯನ್ನು ಕಡ್ಡಿ ಹೇಳಿತು. ಸ್ಟಿಕ್ಕರ್‌ನಿಂದ ಉಳಿದಿದ್ದು ಎರಡೇ ಶೇಡ್ ಆಗಿದ್ದರಿಂದ ಈ ಪರೀಕ್ಷೆ ಸಾಕಾಯಿತು ಅನ್ನುವುದನ್ನು ಮರೆಯಬಾರದು. ಸ್ಟಿಕ್ಕರ್‌ನಲ್ಲಿ ಏನೂ ಉಳಿದಿರದಿದ್ದರೆ "ಪರ್ಲ್, ವೈನ್ ಬಣ್ಣ" ಅನ್ನುವಷ್ಟರಿಂದ ಯಾವ ಶೇಡ್ ಅಂತ ಹೇಳಲು ಆಗುತ್ತಿರಲಿಲ್ಲ.

ಫೌಂಡೇಶನ್ ಆಗಿದ್ದರೆ ಈ ದಾರಿಯೂ ಇರುವುದಿಲ್ಲ. ಹಳೆಯ ಬಾಟಲಿಯ ಫೌಂಡೇಶನ್ ಬೇರೆಬೇರೆಯಾಗಿ, ಬಣ್ಣ ತಿರುಗಿ, ತನ್ನ ಮೂಲ ಶೇಡ್ ಯಾವುದು ಅಂತ ಸರಿಯಾಗಿ ಹೇಳುವುದಿಲ್ಲ. ಅಲ್ಲಿ ಅಕ್ಷರವೇ ಗತಿ. ಮ್ಯಾಕ್ ಕಂಪನಿಯ ಸ್ಟುಡಿಯೊ ಫಿಕ್ಸ್ ತಗೊಳ್ಳಿ. `NC45` ಇದೆ, `NW45` ಇದೆ. ನಡುವಿನ ಒಂದು ಅಕ್ಷರ ಅಳಿಸಿಹೋಗಿದ್ದರೆ 45 ಅನ್ನುವ ಅಂಕಿ ಪೂರ್ತಿ ಉಳಿದಿದ್ದೂ ಉಪಯೋಗ ಕಡಿಮೆ. `NC` ಹಳದಿ ಬಂಗಾರದ ಛಾಯೆಯ ಚರ್ಮಕ್ಕೆ, `NW` ಕೆಂಪು ಗುಲಾಬಿ ಛಾಯೆಗೆ. `NW45` ಅದೇ ಅಂಕಿಯ `NC`ಗಿಂತ ಕೆಂಪು, ಗಾಢ ಕೂಡ. ಅಂಥ ಫೋಟೊ ಬಂದರೆ ನಾನು ಶೇಡ್ ಹೇಳುವುದಿಲ್ಲ, ಬಂದು ದವಡೆಯ ಮೇಲೆ ಹಚ್ಚಿ ನೋಡಿ ಅನ್ನುತ್ತೇನೆ.

ಮತ್ತೆ ನಮ್ಮ ಪ್ರಕರಣಕ್ಕೆ. 520 ಅಂತ ಗೊತ್ತಾಯಿತು. ನಮ್ಮ ಅಂಗಡಿಗೆ ಬರುವ ಮಾಲಿನಲ್ಲಿ 520 ಇರಲಿಲ್ಲ, ಮಾಲು ಹಾಕುವವರ ಹತ್ತಿರವೂ ಇರಲಿಲ್ಲ. ಮದುವೆ ಹತ್ತಿರ ಬಂದಿತ್ತು. ಈಗ ಸಿಗುವುದರಲ್ಲಿ ಹತ್ತಿರದ್ದು ಯಾವುದು ಅನ್ನುವುದು ಮುಂದಿನ ಪ್ರಶ್ನೆ. ಹತ್ತಿರ ಅಂದರೆ ಯಾವುದರಲ್ಲಿ ಹತ್ತಿರ? ಬಣ್ಣದ ವಾಲು ಒಂದು, ಎಷ್ಟು ಗಾಢ ಅನ್ನುವುದು ಇನ್ನೊಂದು, ಫಿನಿಶ್ ಮೂರನೆಯದು. ಮೂರೂ ಕೂಡಿಬರುವುದು ಅಪರೂಪ. ಯಾವುದನ್ನು ಬಿಟ್ಟುಕೊಡಬಹುದು ಅಂತ ಹಚ್ಚುವವರನ್ನೇ ಕೇಳಬೇಕು. ಹುಡುಗಿಯನ್ನು ಕೇಳಿದರೆ "ಆ ಶೈನಿಂಗ್ ಅಮ್ಮಂಗೆ ಇಷ್ಟ ಅನ್ಸುತ್ತೆ" ಅಂದಳು. ಅಮ್ಮನನ್ನು ಕೇಳಿದೆ. "ಹೊಳೀಲಿ ಬಿಡ್ಲಿ, ನಂಗೆ ಕಪ್ಪಗೆ ಕಾಣ್ಬಾರ್ದು ನೋಡಮ್ಮ. ಜನ ಎಲ್ಲ ಬಂದಿರ್ತಾರೆ" ಅಂದರು. ಮಗಳು ಹೇಳಿದ್ದಕ್ಕೂ ಅಮ್ಮ ಹೇಳಿದ್ದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮಿಂಚು ಹೋದರೂ ಪರವಾಗಿಲ್ಲ, ಗಾಢ ಆಗಬಾರದು. ಹುಡುಕಾಟದ ದಿಕ್ಕೇ ಇಲ್ಲಿ ಬದಲಾಯಿತು.

ಅಮ್ಮನ ಕಡ್ಡಿಯನ್ನೇ ಬಸ್ಸಿಗೆ ಹಾಕಿ ಕಳಿಸಲು ಹೇಳಿದೆ. ಹಾಳೆಯ ಮೇಲೆ ಎಳೆದ ಗೆರೆ ಕಳಿಸಿದರೆ ಸಾಲದು. ಲಿಪ್‌ಸ್ಟಿಕ್‌ನ ಎಣ್ಣೆ ಹಾಳೆಗೆ ಇಳಿದು ಸುತ್ತ ಜಿಡ್ಡಿನ ಉಂಗುರ ಬರುತ್ತದೆ, ಸ್ವಲ್ಪ ಹೊತ್ತಿಗೆ ಗೆರೆಯೇ ಬೇರೆ ಥರ ಕಾಣುತ್ತದೆ. ಹಳೆಯ ಗೆರೆಯ ಪಕ್ಕ ಹೊಸ ಗೆರೆ ಇಟ್ಟು ಹೋಲಿಸುವುದು ತಪ್ಪು ದಾರಿ. ಎರಡನ್ನೂ ಒಟ್ಟಿಗೆ, ಆಗಷ್ಟೇ ಎಳೆದಿರಬೇಕು.

ಕಡ್ಡಿ ಬಂದ ಮೇಲೆ ಮಾಡಿದ್ದು ಹೀಗೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಳಿ ಕಾಗದದ ಮೇಲೆ ಇಟ್ಟೆ, ಎಣ್ಣೆ ಇಳಿಯದಿರಲಿ ಅಂತ. ಅದರ ಮೇಲೆ ಅಮ್ಮನ 520 ಒಂದು ಪಟ್ಟಿ ಎಳೆದೆ. ಅದಕ್ಕೆ ತಾಗಿದ ಹಾಗೆ ಒಂದೊಂದೇ ಹೊಸ ಶೇಡ್ ಎಳೆದೆ. ನಡುವೆ ಬಿಳಿ ಜಾಗ ಬಿಡಬಾರದು. ಬಿಳಿ ಜಾಗ ಇದ್ದರೆ ಕಣ್ಣು ಎರಡೂ ಒಂದೇ ಅಂತ ಒಪ್ಪಿಕೊಂಡುಬಿಡುತ್ತದೆ. ಅಂಚಿಗೆ ಅಂಚು ತಾಗಿದಾಗ ಸಣ್ಣ ವ್ಯತ್ಯಾಸವೂ ಗೆರೆಯಾಗಿ ಕಾಣುತ್ತದೆ. ಪ್ರತಿ ಶೇಡ್‌ಗೂ ಒಂದು ದಪ್ಪ ಪಟ್ಟಿ, ಒಂದು ತೆಳು ಪಟ್ಟಿ. ತುಟಿಯ ಮೇಲೆ ಯಾರೂ ಕಡ್ಡಿಯಷ್ಟು ದಪ್ಪ ಹಚ್ಚುವುದಿಲ್ಲ ಅಲ್ವಾ. ಕಡ್ಡಿಯನ್ನೇ ಪಕ್ಕಪಕ್ಕ ಹಿಡಿದು ಹೋಲಿಸುವವರು ಇಲ್ಲೇ ಎಡವುತ್ತಾರೆ. ಕಡ್ಡಿ ಯಾವಾಗಲೂ ಹಚ್ಚಿದ ಬಣ್ಣಕ್ಕಿಂತ ಗಾಢವಾಗಿ ಕಾಣುತ್ತದೆ.

ಹಳೆಯ ಕಡ್ಡಿಯನ್ನು ಕೈಮೇಲೋ ತುಟಿಮೇಲೋ ಹಚ್ಚಲಿಲ್ಲ. ಮೂಸಿ ನೋಡಿದರೆ ಹಳೆಯ ಎಣ್ಣೆಯ ವಾಸನೆ ಬರುತ್ತಿತ್ತು. ಅದು ಕೆಟ್ಟಿದೆ ಅನ್ನಲು ಅಷ್ಟು ಸಾಕು. ಇನ್ನು ಮುಂದೆ ಹಚ್ಚಬೇಡಿ ಅಂತ ಅಮ್ಮನಿಗೂ ಹೇಳಿದೆ.

ಮೊಬೈಲ್ ಆ್ಯಪ್‌ನಲ್ಲಿ ಬಣ್ಣ ಅಳೆದು ಹತ್ತಿರದ ಶೇಡ್ ಹುಡುಕಬಹುದಲ್ಲ ಅಂತ ಕೇಳುವವರಿದ್ದಾರೆ. ಮಿಂಚಿಲ್ಲದ ಶೇಡ್‌ಗಳಿಗೆ, ಎರಡೂ ಪಟ್ಟಿ ಒಂದೇ ಫೋಟೊದಲ್ಲಿ ಇದ್ದರೆ, ಅದು ಸ್ವಲ್ಪ ಸಹಾಯ ಮಾಡುತ್ತದೆ. ಬೇರೆ ಬೇರೆ ಫೋಟೊಗಳ ನಡುವೆ ಅಳೆದರೆ ಪ್ರಯೋಜನ ಇಲ್ಲ. ಪ್ರತಿ ಫೋಟೊಗೂ ಕ್ಯಾಮೆರಾ ಬಿಳಿ ಯಾವುದು ಅಂತ ತಾನೇ ಹೊಸದಾಗಿ ಲೆಕ್ಕ ಹಾಕುತ್ತದೆ, ಅದರ ಜೊತೆ ಉಳಿದ ಬಣ್ಣಗಳೂ ಜರುಗುತ್ತವೆ. ಪರ್ಲ್‌ಗಂತೂ ಆ್ಯಪ್ ಬೇಡವೇ ಬೇಡ. ಕೋನ ಬದಲಾದರೆ ಅಂಕಿ ಬದಲಾಗುತ್ತದೆ. ಯಾವ ಕೋನದ ಅಂಕಿಯನ್ನು ನಂಬುತ್ತೀರಿ?

ಎದುರಿಗೆ ಇಟ್ಟುಕೊಂಡಿದ್ದು ಮುಖ್ಯವಾಗಿ ಮೂರು, ಎಲ್ಲ ಅದೇ ಸೂಪರ್ ಲಸ್ಟ್ರಸ್ ಸಾಲಿನವು: 525 ವೈನ್ ವಿತ್ ಎವ್ರಿಥಿಂಗ್ ಕ್ರೀಮ್, 535 ರಮ್ ರೈಸಿನ್, 477 ಬ್ಲ್ಯಾಕ್ ಚೆರ್ರಿ. ಬ್ಲ್ಯಾಕ್ ಚೆರ್ರಿಯನ್ನು ಮೊದಲ ಪಟ್ಟಿಗೇ ಪಕ್ಕಕ್ಕಿಟ್ಟೆ. ಹೆಸರಿಗೆ ತಕ್ಕ ಹಾಗೆ ಅದು ಕಪ್ಪಿಗೆ ಹತ್ತಿರ, ಅಮ್ಮ ಬೇಡ ಅಂದದ್ದು ಅದನ್ನೇ. ರಮ್ ರೈಸಿನ್ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿದೆ. ನಮ್ಮವರ ತುಟಿಗೆ ಅದು ಚೆನ್ನಾಗಿ ಹೊಂದುತ್ತದೆ, ಟ್ಯೂಬ್‌ಲೈಟ್ ಕೆಳಗೆ ನೋಡಿದಾಗ 520ರ ತೆಳು ಪಟ್ಟಿಗೆ ಹತ್ತಿರವೇ ಕಂಡಿತು. ಆದರೆ ಹಾಳೆಯನ್ನು ಅಂಗಡಿ ಬಾಗಿಲಿಗೆ ತಂದಾಗ ಬೇರೆಯಾಯಿತು. ಹಗಲ ಬೆಳಕಲ್ಲಿ ರಮ್ ರೈಸಿನ್ ಕಂದು ಕಡೆಗೆ ಹೋಯಿತು, 520 ನೇರಳೆ ಕಡೆಗೆ ಉಳಿಯಿತು. ಒಂದು ಬೆಳಕಲ್ಲಿ ಜೋಡಿಯಾಗಿ ಕಾಣುವ ಎರಡು ಬಣ್ಣ ಇನ್ನೊಂದು ಬೆಳಕಲ್ಲಿ ಬೇರೆಯಾಗುವುದು ಮಾಮೂಲು. ಎರಡನ್ನೂ ಬೇರೆ ಬೇರೆ ಬಣ್ಣದ ಪುಡಿಗಳಿಂದ ಮಾಡಿದ್ದರೆ ಹೀಗಾಗುತ್ತದೆ. ಮದುವೆಗೆ ಇದು ತುಂಬ ಮುಖ್ಯ. ಬೆಳಿಗ್ಗೆ ಧಾರೆ ಹಗಲ ಬೆಳಕಲ್ಲಿ, ರಾತ್ರಿ ಆರತಕ್ಷತೆ ಫೋಕಸ್ ಲೈಟಲ್ಲಿ. ಎರಡು ಬೆಳಕಲ್ಲೂ ನೋಡದೆ ಹೊಂದುತ್ತದೆ ಅನ್ನಬಾರದು.

ಉಳಿದದ್ದು 525 ಕ್ರೀಮ್. ಬಣ್ಣದ ವಾಲು ಎರಡೂ ಬೆಳಕಲ್ಲೂ ಸರಿ ಹೋಯಿತು. ದಪ್ಪ ಪಟ್ಟಿಯಲ್ಲಿ ಮಾತ್ರ ಅದು 520ಕ್ಕಿಂತ ಒಂದು ಮೆಟ್ಟಿಲು ಗಾಢ. ಪರ್ಲ್‌ನ ಚೂರುಗಳು ಬೆಳಕು ವಾಪಸ್ ಕಳಿಸಿ ಬಣ್ಣವನ್ನು ಎತ್ತಿ ತೋರಿಸುತ್ತವೆ, ಕ್ರೀಮ್‌ನಲ್ಲಿ ಆ ಕೆಲಸ ಮಾಡುವುದು ಏನೂ ಇಲ್ಲ. ತೆಳು ಪಟ್ಟಿಯಲ್ಲಿ ಅಂತರ ಬಹಳ ಕಡಿಮೆಯಾಯಿತು. ಅಲ್ಲಿಗೆ ಉಪಾಯವೂ ಅದರಲ್ಲೇ ಇತ್ತು: ಒಂದೇ ಕೋಟ್ ಹಚ್ಚಿ, ಟಿಶ್ಯೂ ತುಟಿಗಳ ನಡುವೆ ಇಟ್ಟು ಒಮ್ಮೆ ಒತ್ತಿ ತೆಗೆಯುವುದು. ಕಡ್ಡಿಯಿಂದ ನೇರವಾಗಿ ಹಚ್ಚುವ ಬದಲು ಬ್ರಷ್ಷಿನಲ್ಲೋ ಬೆರಳಲ್ಲೋ ಹಚ್ಚಿದರೆ ಇನ್ನೂ ಹತ್ತಿರ.

ಮಿಂಚು ಬೇಕೆನಿಸಿದರೆ ಇರಲಿ ಅಂತ, ಬಣ್ಣವಿಲ್ಲದ ಸಣ್ಣ ಮಿಂಚಿನ ಲಿಪ್‌ಗ್ಲಾಸ್ ಒಂದನ್ನು ತೆಳು ಪಟ್ಟಿಯ ಮೇಲೆ ಹಚ್ಚಿ ನೋಡಿದೆ. ದೂರದಿಂದ 520ರ ಹಾಗೇ ಕಾಣುತ್ತದೆ. ಹತ್ತಿರದಿಂದ ಹಾಗಲ್ಲ. ಗ್ಲಾಸ್‌ನ ಮಿಂಚು ಮೇಲ್ಪದರದಲ್ಲಿ ಒದ್ದೆಯಾಗಿ ಕೂತಿರುತ್ತದೆ. ಪರ್ಲ್‌ನದು ಬಣ್ಣದ ಒಳಗೇ ಇರುತ್ತದೆ, ಓರೆಯಿಂದ ನೋಡಿದರೆ ತುಸು ಬೆಳ್ಳಿಯ ಛಾಯೆ ಬರುತ್ತದೆ. ಆ ಛಾಯೆ ಗ್ಲಾಸ್‌ನಿಂದ ಬರುವುದಿಲ್ಲ. ಊಟ ಮಾಡಿದರೆ ಗ್ಲಾಸ್ ಮೊದಲು ಹೋಗುತ್ತದೆ. ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಹತ್ತಿರದ ಶೇಡ್ ಕೊಡುವಾಗ ಎಲ್ಲಿ ಹತ್ತಿರ, ಎಲ್ಲಿ ದೂರ ಅಂತ ಮೊದಲೇ ಹೇಳಿಬಿಡಬೇಕು. "ಸೇಮ್ ಶೇಡ್ ಆಂಟಿ, ತಗೊಳ್ಳಿ" ಅಂದು ಕೊಟ್ಟು ಕಳಿಸಿದರೆ, ಮನೆಗೆ ಹೋಗಿ ಕನ್ನಡಿ ಮುಂದೆ ನಿಂತಾಗ ಅವರಿಗೆ ಬೇಜಾರಾಗುತ್ತದೆ. ಒಂದೇ ಬಣ್ಣವನ್ನು ವರ್ಷಗಟ್ಟಲೆ ಹಚ್ಚಿದವರ ಕಣ್ಣು ಬಹಳ ಚುರುಕು.

ಅಮ್ಮನೇ ಸಾಗರದಿಂದ ಬಂದು ನೋಡಿದರು. ಹೊಸ ಟೆಸ್ಟರ್‌ನಿಂದ ಇಯರ್‌ಬಡ್‌ನಲ್ಲಿ ತೆಗೆದು ಮೇಲ್ತುಟಿಗೂ ಕೆಳತುಟಿಗೂ ತೆಳ್ಳಗೆ ಹಚ್ಚಿದೆ. ಬಾಗಿಲ ಹತ್ತಿರ ಕನ್ನಡಿ ಹಿಡಿದೆ. "ಆಗುತ್ತೆ. ಅದೇ ಅಲ್ಲ, ಆದ್ರೆ ಆಗುತ್ತೆ" ಅಂದರು. ಗ್ಲಾಸ್ ಬೇಡ ಅಂದರು, 525 ಮಾತ್ರ ತಗೊಂಡರು.

ಮಗಳು ಮಾತ್ರ ಪಟ್ಟು ಬಿಡಲಿಲ್ಲ. ಆನ್‌ಲೈನ್‌ನಲ್ಲಿ ಹೊರದೇಶದ ಮಾಲು ಮಾರುವವರ ಹತ್ತಿರ 520 ಹುಡುಕುತ್ತೇನೆ ಅಂದಳು. ಹುಡುಕಬಹುದು, ಆದರೆ ಅವಳಿಗೆ ಎರಡು ಮಾತು ಹೇಳಿದೆ. ಮಾರುವವರು ಬರೀ `Wine With Everything` ಅಂತ ಬರೆದಿದ್ದರೆ ತಗೋಬೇಡ, ಬರುವುದು 525 ಆಗಿರಬಹುದು. ಫೋಟೊದಲ್ಲಿ ಕಡ್ಡಿ ಪರ್ಲ್ ಥರ ಕಂಡರೂ ನಂಬಬೇಡ, ಫೋಟೊಗಳನ್ನು ಒಂದರ ಬದಲು ಇನ್ನೊಂದು ಹಾಕಿರುತ್ತಾರೆ. ಬುಡದ ಫೋಟೊ ಕೇಳು, 520 ಅನ್ನುವ ಅಂಕಿ ಮತ್ತು ಬ್ಯಾಚ್ ನಂಬರ್ ಎರಡೂ ಕಾಣಬೇಕು. ಬ್ಯಾಚ್ ಯಾಕೆ ಅಂದರೆ, ಸುಲಭಕ್ಕೆ ಸಿಗದ ಶೇಡ್ ಎಷ್ಟೋ ಸಲ ಗೋಡೌನ್‌ನಲ್ಲಿ ಕೂತ ಹಳೆಯ ಮಾಲು. ಸೀಲ್ ಒಡೆಯದಿದ್ದರೂ ಎಣ್ಣೆ ಹಳತಾಗುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ಹೇಳಿದೆ. ಸಿಕ್ಕಿದ ಹೊಸ 520 ಕೂಡ ಅಮ್ಮನ ಹಳೆಯ ಕಡ್ಡಿಯ ಹಾಗೇ ಇರಬೇಕೆಂದಿಲ್ಲ. ಕಂಪನಿಗಳು ಹೆಸರು ಅಂಕಿ ಉಳಿಸಿಕೊಂಡು ಒಳಗಿನ ಫಾರ್ಮುಲಾ ಬದಲಿಸುವುದುಂಟು. ಮ್ಯಾಕ್ ತನ್ನ ಮ್ಯಾಟ್ ಲಿಪ್‌ಸ್ಟಿಕ್‌ಗಳನ್ನು 2024ರಲ್ಲಿ ಹೊಸ ಫಾರ್ಮುಲಾದಲ್ಲಿ ತಂದಾಗ ಹಳೆಯ ಶೇಡ್ ಹೆಸರುಗಳನ್ನೇ ಮುಂದುವರಿಸಿತು. ಹಾಗಾಗಿ ಬಂದ ಮೇಲೆ ಅಮ್ಮನ ಹಳೆಯ ಕಡ್ಡಿಯ ಜೊತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಂಚಿಗೆ ಅಂಚು ಎಳೆದು ನೋಡು, ಅಲ್ಲಿಯವರೆಗೆ ಹಳೆಯದನ್ನು ಎಸೆಯಬೇಡಿ ಅಂತ ಹೇಳಿದೆ. ಹಚ್ಚಲು ಬಾರದ ಕಡ್ಡಿ ಹೋಲಿಸಲು ಬರುತ್ತದೆ.

ಅಮ್ಮ ಹೊರಡುವ ಮೊದಲು 525ರ ಬುಡವನ್ನು ಅವರ ಮೊಬೈಲ್‌ನಲ್ಲೇ ಫೋಟೊ ತೆಗೆದುಕೊಟ್ಟೆ. ಸ್ಟಿಕ್ಕರ್ ಮೇಲೆ ಗುಳ್ಳೆ ಬರದ ಹಾಗೆ ಒಂದು ಚೂರು ಸೆಲೋಟೇಪ್ ಅಂಟಿಸಿದೆ. ಬಿಲ್ಲಿನ ಹಿಂದೆ ಕಂಪನಿ, ಸಾಲು, ಹೆಸರು, ಅಂಕಿ, ಫಿನಿಶ್ ಐದನ್ನೂ ಬರೆದೆ. ಅದರ ಕೆಳಗೆ ಇನ್ನೊಂದು ಸಾಲು: "ಹಳೆಯದು 520 ಪರ್ಲ್."